ಬಡ್ಡಿಯಿಲ್ಲದ ಕಂತು: ಬೆಲೆಯೊಳಗೆ ಅಡಗಿರುವುದೇನು?

ಕೆಲವು ತಿಂಗಳ ಹಿಂದೆ ಒಂದು ಶುಕ್ರವಾರ ಜುಮುಆ ನಮಾಝ್ ಮುಗಿಸಿ ಹೊರಬರುವಾಗ ನಮ್ಮ ಜಮಾಅತಿನ ಸಹೋದರರೊಬ್ಬರು ಮಸೀದಿಯ ಅಂಗಳದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದರು. ಅವರು ಖಾಸಗಿ ಸಂಸ್ಥೆಯೊಂದರಲ್ಲಿ ವಾಹನ ಚಾಲಕರು. ಕೈಯಲ್ಲಿ ನಾಲ್ಕು ಮಡಿಕೆಯಾಗಿ ಮಡಚಿದ ಒಂದು ಕಾಗದವಿತ್ತು. ಅದನ್ನು ಬಿಡಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟು, "ಉಸ್ತಾದರೇ, ಬಡ್ಡಿ ಇಲ್ಲ ಎಂದು ಅಂಗಡಿಯವರು ಹೇಳಿದ್ದರು. ಅದಕ್ಕಾಗಿಯೇ ಒಪ್ಪಿಕೊಂಡೆ. ಇಲ್ಲಿ ನೋಡಿದರೆ ಬಡ್ಡಿ ಎಂದೇ ಬರೆದಿದೆಯಲ್ಲ" ಎಂದರು.

ಪಿಯುಸಿ ಸೇರಿದ ಮಗಳಿಗೆ ಅವರು ಒಂದು ಮೊಬೈಲ್ ಫೋನ್ ಖರೀದಿಸಿದ್ದರು. ಬೆಲೆ 24,000 ರೂಪಾಯಿ. ತಿಂಗಳಿಗೆ 4,000 ರೂಪಾಯಿಯಂತೆ 6 ಕಂತುಗಳು. ನಾಲ್ಕು ಸಾವಿರವನ್ನು ಆರರಿಂದ ಗುಣಿಸಿದರೆ ಇಪ್ಪತ್ತನಾಲ್ಕು ಸಾವಿರವೇ ಬರುತ್ತದೆ. ಒಂದು ರೂಪಾಯಿಯೂ ಹೆಚ್ಚಿಲ್ಲ. ಅಂಗಡಿಯ ಗೋಡೆಯ ಮೇಲೆ ‘ನೋ ಕಾಸ್ಟ್ ಇಎಂಐ’ ಎಂಬ ದೊಡ್ಡ ಫಲಕವಿತ್ತು. ಸಂಬಳ ಜಮೆಯಾಗುವ ಬ್ಯಾಂಕು ಕೊಟ್ಟಿದ್ದ ಕ್ರೆಡಿಟ್ ಕಾರ್ಡನ್ನು ಅವರು ಯಂತ್ರಕ್ಕೆ ಹಾಕಿದರು. ಮುಂದಿನ ತಿಂಗಳು ಬ್ಯಾಂಕಿನಿಂದ ಬಂದ ಕಾರ್ಡಿನ ಬಿಲ್ಲೇ ಅವರ ಕೈಯಲ್ಲಿದ್ದ ಆ ಕಾಗದ.

ಈ ಪ್ರಶ್ನೆ ಅವರೊಬ್ಬರದಲ್ಲ. ಬಡ್ಡಿಯಿಂದ ದೂರವಿರಬೇಕೆಂದು ಪ್ರಾಮಾಣಿಕವಾಗಿ ಬಯಸುವ ಮನೆಗಳಿಗೇ ಈ ಕೊಡುಗೆ ಹೆಚ್ಚು ಆಕರ್ಷಕವಾಗಿ ಕಾಣುತ್ತದೆ. ಬಡ್ಡಿಯ ಕಂತಾದರೆ ಅವರು ಅಂಗಡಿಯ ಮೆಟ್ಟಿಲು ಇಳಿದು ಬರುತ್ತಾರೆ. ಬಡ್ಡಿ ಇಲ್ಲ ಎಂದಾಗ ನಿಶ್ಚಿಂತೆಯಿಂದ ಒಳಗೆ ಹೋಗುತ್ತಾರೆ. ಆದ್ದರಿಂದ ಆ ಬಿಲ್ಲನ್ನು ಓದುಗರ ಮುಂದೆಯೂ ಬಿಡಿಸಿಟ್ಟು, ಬಡ್ಡಿ ನಿಜವಾಗಿ ಎಲ್ಲಿದೆ, ಅದನ್ನು ಯಾರು ಕೊಡುತ್ತಾರೆ, ಶರೀಅತ್ತಿನ ದೃಷ್ಟಿಯಲ್ಲಿ ಅದರ ಸ್ಥಾನವೇನು ಎಂಬುದನ್ನು ಒಂದೊಂದಾಗಿ ನೋಡುವುದು ಒಳಿತೆಂದು ನಾವು ಭಾವಿಸುತ್ತೇವೆ.

ಮೊದಲು ಬಿಲ್ಲು. ಅದರಲ್ಲಿ ಸಾಲದ ಮೊತ್ತ 24,000 ಎಂದು ಇರಲಿಲ್ಲ, 22,984 ಎಂದಿತ್ತು. ಮೊದಲ ಕಂತಿನ 4,000 ರೂಪಾಯಿ ಎರಡು ಭಾಗವಾಗಿತ್ತು. 3,712 ರೂಪಾಯಿ 70 ಪೈಸೆ ಅಸಲಿಗೆ, 287 ರೂಪಾಯಿ 30 ಪೈಸೆ ಬಡ್ಡಿಗೆ. ಬಡ್ಡಿಯ ದರ ವರ್ಷಕ್ಕೆ ಶೇಕಡಾ 15. ಅದರ ಕೆಳಗೆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ ಎಂದು 51 ರೂಪಾಯಿ 71 ಪೈಸೆ. ಅದಲ್ಲದೆ ಸಂಸ್ಕರಣಾ ಶುಲ್ಕ 199 ರೂಪಾಯಿ. ಅದಕ್ಕೂ ಜಿಎಸ್‌ಟಿ ಸೇರಿ ಸುಮಾರು 235.

22,984 ಎಂಬ ಸಂಖ್ಯೆ ಎಲ್ಲಿಂದ ಬಂತು? ಇಡೀ ಏರ್ಪಾಡಿನ ಕೀಲಿ ಇರುವುದು ಇಲ್ಲಿ. ಶೇಕಡಾ 15ರ ಬಡ್ಡಿಯಲ್ಲಿ ತಿಂಗಳಿಗೆ 4,000ದಂತೆ 6 ತಿಂಗಳು ಕಟ್ಟಿದರೆ ತೀರುವ ಸಾಲ ಎಷ್ಟು ಎಂದು ಬ್ಯಾಂಕು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುತ್ತದೆ. ಆ ಉತ್ತರವೇ 22,984. ಬೆಲೆಗೂ ಇದಕ್ಕೂ ಇರುವ ವ್ಯತ್ಯಾಸ 1,016 ರೂಪಾಯಿ. ಈ 1,016 ರೂಪಾಯಿಯನ್ನು ಅಂಗಡಿಯ ಬಿಲ್ಲಿನಲ್ಲಿ ರಿಯಾಯಿತಿ ಎಂದು ಕಳೆಯಲಾಗಿತ್ತು. ಆಮೇಲೆ ಬ್ಯಾಂಕು ಆರು ತಿಂಗಳಲ್ಲಿ ಅದೇ 1,016 ರೂಪಾಯಿಯನ್ನು ಬಡ್ಡಿ ಎಂದು ಕೂಡಿಸುತ್ತದೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ತೆಗೆದುಕೊಂಡಂತಾಯಿತು. ಗ್ರಾಹಕನ ಕಣ್ಣಿಗೆ ಕಾಣುವುದು ಮೊದಲ ಸಂಖ್ಯೆ ಮತ್ತು ಕೊನೆಯ ಸಂಖ್ಯೆ ಮಾತ್ರ, ಎರಡೂ 24,000.

ಹೀಗಾಗಿ ಬಡ್ಡಿ ಇಲ್ಲ ಎಂಬ ಮಾತು ಅಕ್ಷರಶಃ ಸರಿಯಲ್ಲ. ಬಡ್ಡಿ ಇದೆ, ಅದಕ್ಕೆ ಸಮನಾದ ರಿಯಾಯಿತಿಯೂ ಇದೆ. ಆದರೆ ತೆರಿಗೆಗೆ ರಿಯಾಯಿತಿ ಇಲ್ಲ. ಬಡ್ಡಿಯ ಮೇಲಿನ ಜಿಎಸ್‌ಟಿ ಆರು ತಿಂಗಳಿಗೆ ಒಟ್ಟು 183 ರೂಪಾಯಿ, ಸಂಸ್ಕರಣಾ ಶುಲ್ಕ 235. ಎರಡೂ ಸೇರಿ 418 ರೂಪಾಯಿ ಅವರ ಜೇಬಿನಿಂದಲೇ ಹೋಗುತ್ತದೆ. ‘ವೆಚ್ಚವಿಲ್ಲದ’ ಫೋನಿಗೆ ಅವರು ಕೊಡುವುದು 24,418 ರೂಪಾಯಿ. ಇಲ್ಲದ ಬಡ್ಡಿಗೆ ಸರಕಾರ ತೆರಿಗೆ ಹಾಕುವುದಿಲ್ಲ ಎಂಬ ಸರಳ ಮಾತನ್ನು ನೆನಪಿಟ್ಟರೂ ಸಾಕು, ಗೋಡೆಯ ಫಲಕದ ನಿಜಾಂಶ ತಿಳಿಯುತ್ತದೆ.

ಇದನ್ನು ನಾವು ಧಾರ್ಮಿಕ ಆವೇಶದಿಂದ ಹೇಳುತ್ತಿಲ್ಲ. ದೇಶದ ರಿಸರ್ವ್ ಬ್ಯಾಂಕೇ 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಕಳುಹಿಸಿದ ಸುತ್ತೋಲೆಯಲ್ಲಿ, ಶೂನ್ಯ ಬಡ್ಡಿ ಎಂಬ ಕಲ್ಪನೆಗೆ ಅಸ್ತಿತ್ವವೇ ಇಲ್ಲವೆಂದೂ, ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಅನೇಕ ವೇಳೆ ಸಂಸ್ಕರಣಾ ಶುಲ್ಕದ ವೇಷದಲ್ಲಿ ಗ್ರಾಹಕನ ಮೇಲೆ ಹೊರಿಸಲಾಗುತ್ತದೆಂದೂ ಹೇಳಿತ್ತು. 2022ರ ಏಪ್ರಿಲ್‌ನಲ್ಲಿ ಕ್ರೆಡಿಟ್ ಕಾರ್ಡುಗಳ ಕುರಿತು ಹೊರಡಿಸಿದ ನಿರ್ದೇಶನದಲ್ಲಿ, ಖರೀದಿಯನ್ನು ಕಂತಿಗೆ ಪರಿವರ್ತಿಸುವ ಮೊದಲೇ ಅಸಲು, ಬಡ್ಡಿ ಮತ್ತು ರಿಯಾಯಿತಿಗಳನ್ನು ಬೇರೆಬೇರೆಯಾಗಿ ತೋರಿಸಬೇಕು, ಬಿಲ್ಲಿನಲ್ಲಿಯೂ ಹಾಗೆಯೇ ನಮೂದಿಸಬೇಕು, ಬಡ್ಡಿಯಿರುವ ಕಂತನ್ನು ಬಡ್ಡಿರಹಿತವೆಂದು ಮರೆಮಾಚಬಾರದು ಎಂದು ವಿಧಿಸಿತು. ನಮ್ಮ ಸಹೋದರರ ಬಿಲ್ಲಿನಲ್ಲಿ ‘ಬಡ್ಡಿ’ ಎಂಬ ಪದ ಅಷ್ಟು ಸ್ಪಷ್ಟವಾಗಿ ಕಾಣಿಸಿದ್ದು ಈ ನಿಯಮದ ಉಪಕಾರದಿಂದಲೇ. ಆದರೆ ಅದನ್ನು ಅವರು ಕಂಡದ್ದು ಖರೀದಿಯ ಬಳಿಕ. ಅಂಗಡಿಯಲ್ಲಿ ಮೊದಲೇ ಬಂದಿದ್ದ ಚೀಟಿಯನ್ನು ಯಾರೂ ಅವರಿಗೆ ಓದಿ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಈಗ ಎರಡನೆಯ ಪ್ರಶ್ನೆ. ಆ 1,016 ರೂಪಾಯಿ ನಿಜವಾಗಿ ಯಾರ ಜೇಬಿನಿಂದ ಹೋಯಿತು? ರಿಯಾಯಿತಿಯನ್ನು ಅಂಗಡಿಯವನು ಕೊಟ್ಟನಲ್ಲ, ಗ್ರಾಹಕನಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರವನ್ನು ಊಹೆಯಿಂದ ಹೇಳಬೇಕಾಗಿಲ್ಲ. ಅದೇ ಅಂಗಡಿಯಲ್ಲಿ, ಅದೇ ದಿನ, ಅದೇ ಫೋನನ್ನು ಪೂರ್ಣ ಹಣ ಕೊಟ್ಟು ಒಯ್ಯುವವನಿಗೆ ಬೆಲೆ ಎಷ್ಟು ಎಂದು ಕೇಳಿದರೆ ಸಾಕು.

ನಮ್ಮ ಮಾತು ಕೇಳಿ ಆ ಸಹೋದರರು ಮರುದಿನ ತಮ್ಮ ಅಳಿಯನನ್ನು ಅದೇ ಅಂಗಡಿಗೆ ಕಳುಹಿಸಿದರು. ಕಂತು ಬೇಡ, ಒಂದೇ ಬಾರಿಗೆ ಯುಪಿಐ ಮೂಲಕ ಕೊಡುತ್ತೇನೆ, ಕೊನೆಯ ಬೆಲೆ ಹೇಳಿ ಎಂದು ಅವನು ಕೇಳಿದಾಗ ಬಂದ ಉತ್ತರ 22,500 ರೂಪಾಯಿ. ಒಂದೂವರೆ ಸಾವಿರ ಕಡಿಮೆ! ಕಂತಿನವನಿಗೆ ಈ ರಿಯಾಯಿತಿ ಏಕಿಲ್ಲ ಎಂದರೆ, "ಅದಕ್ಕೆ ಆಫರ್ ಬೇರೆ ಇದೆಯಲ್ಲ, ಎರಡೂ ಒಟ್ಟಿಗೆ ಬರುವುದಿಲ್ಲ" ಎಂದರಂತೆ.

ಆ ಮಾತಿನಲ್ಲಿ ಎಲ್ಲವೂ ಇದೆ. ಪೂರ್ಣ ಹಣ ಕೊಡುವವನು ಬಂದರೆ ಬ್ಯಾಂಕಿಗೆಂದು ಬಿಡಬೇಕಾದ ಮೊತ್ತ ವ್ಯಾಪಾರಿಗೆ ಉಳಿಯುತ್ತದೆ. ಅದನ್ನೂ, ತನ್ನ ಲಾಭದಿಂದ ಇನ್ನಷ್ಟನ್ನೂ ಸೇರಿಸಿ ಅವನು ಬೆಲೆ ಇಳಿಸುತ್ತಾನೆ. ಕಂತಿನ ಗ್ರಾಹಕನಿಗೆ ಆ ಇಳಿಕೆ ಸಿಗುವುದಿಲ್ಲ. ಹಾಗಾದರೆ ಈ ಫೋನಿನ ನಗದು ಬೆಲೆ 22,500. ಕಂತಿನ ಬೆಲೆ 24,000. ನಡುವಿನ 1,500 ರೂಪಾಯಿ ಕಾಲಾವಕಾಶಕ್ಕಾಗಿ ತೆತ್ತ ಬೆಲೆ. ನಮ್ಮ ಸಹೋದರರ ಮಟ್ಟಿಗೆ ಬಡ್ಡಿ ಬೆಲೆಯೊಳಗೆ ಅಡಗಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. 22,500ಕ್ಕೆ 1,500 ಎಂದರೆ ಶೇಕಡಾ 7ಕ್ಕೂ ಕಡಿಮೆ, ದೊಡ್ಡದೇನಲ್ಲ ಎನಿಸಬಹುದು. ಆದರೆ ಆ 22,500 ರೂಪಾಯಿ ಆರು ತಿಂಗಳು ಪೂರ್ತಿ ಅವರ ಬಳಿ ಇರುವುದಿಲ್ಲ. ಮೊದಲ ಕಂತು ಒಂದು ತಿಂಗಳಲ್ಲೇ ಹೋಗುತ್ತದೆ, ಕೊನೆಯದು ಮಾತ್ರ ಆರು ತಿಂಗಳು ಇರುತ್ತದೆ. ಸರಾಸರಿ ನೋಡಿದರೆ ಸಾಲ ಅವರ ಕೈಯಲ್ಲಿರುವುದು ಮೂರೂವರೆ ತಿಂಗಳು. ಮೂರೂವರೆ ತಿಂಗಳಿಗೆ ಸುಮಾರು 7 ಎಂದರೆ ವರ್ಷಕ್ಕೆ ಶೇಕಡಾ 22ನ್ನು ದಾಟುತ್ತದೆ. ಶುಲ್ಕವನ್ನೂ ತೆರಿಗೆಯನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಬ್ಯಾಂಕಿನ ಕಾಗದ ಹೇಳಿದ್ದು 15. ಗೋಡೆಯ ಫಲಕ ಹೇಳಿದ್ದು ಸೊನ್ನೆ.

ಎಲ್ಲ ಫೋನುಗಳ ವಿಷಯದಲ್ಲಿಯೂ ಹೀಗೆಯೇ ಎಂದು ಹೇಳುವುದು ನ್ಯಾಯವಾಗಲಾರದು. ತಯಾರಿಕಾ ಕಂಪೆನಿಯೇ ಬಡ್ಡಿಯ ಹಣವನ್ನು ಭರಿಸುವ ಸಂದರ್ಭಗಳಿವೆ. ಹೊಸ ಮಾದರಿ ಬರುವ ಮೊದಲು ಹಳೆಯ ಸರಕನ್ನು ಖಾಲಿ ಮಾಡಬೇಕಾದಾಗ, ಹಬ್ಬದ ಋತುವಿನಲ್ಲಿ ಮಾರಾಟ ಹೆಚ್ಚಿಸಬೇಕಾದಾಗ, ಬೆಲೆ ಇಳಿಸಿದರೆ ತನ್ನ ಹೆಸರಿಗೆ ಕುಂದೆಂದು ಭಾವಿಸುವ ಕಂಪೆನಿ ಬೆಲೆಯನ್ನು ಹಾಗೆಯೇ ಇಟ್ಟು ಕಂತಿನ ಬಡ್ಡಿಯನ್ನು ತಾನು ಕೊಡುತ್ತದೆ. ಅಂಥ ಸಂದರ್ಭದಲ್ಲಿ ನಾಲ್ಕು ಅಂಗಡಿ ತಿರುಗಿದರೂ ನಗದು ಬೆಲೆ ಕಂತಿನ ಬೆಲೆಗಿಂತ ಕಡಿಮೆ ಸಿಗುವುದಿಲ್ಲ. ಆಗ ಕಂತಿನ ಗ್ರಾಹಕ ಹೆಚ್ಚು ಕೊಟ್ಟ ಎನ್ನಲಾಗದು. ಆದರೆ ಕಂಪೆನಿ ಆ ಹಣವನ್ನು ಆಕಾಶದಿಂದ ತರುವುದಿಲ್ಲ. ಎಲ್ಲರಿಗೂ ಒಂದೇ ಆಗಿರುವ ಬೆಲೆಯಲ್ಲಿ ಅದು ಹರಡಿಕೊಂಡಿರುತ್ತದೆ. ಕಾರ್ಡೇ ಇಲ್ಲದ, ಬಡ್ಡಿಯೇ ಬೇಡವೆಂದು ಕೂಡಿಟ್ಟ ಹಣ ತಂದು ಕೊಡುವವನೂ ಪಕ್ಕದವನ ಕಂತಿನ ಬಡ್ಡಿಯಲ್ಲಿ ಒಂದು ಪಾಲು ಹೊರುತ್ತಾನೆ.

ಆದುದರಿಂದ ಬೆಲೆಯ ಕುರಿತ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ನಗದು ಬೆಲೆ ಕಡಿಮೆಯಿದ್ದರೆ ಬಡ್ಡಿ ನಿಮ್ಮ ಬೆಲೆಯಲ್ಲೇ ಇದೆ, ಕಡಿಮೆಯಿಲ್ಲದಿದ್ದರೆ ಅದನ್ನು ಬೇರೊಬ್ಬರು ಕೊಡುತ್ತಿದ್ದಾರೆ. ಬಡ್ಡಿಯೇ ಇಲ್ಲದ ಮೂರನೆಯ ಸಾಧ್ಯತೆ ಬ್ಯಾಂಕಿನ ಕಂತಿನಲ್ಲಿಲ್ಲ.

ಆದರೆ ಮುಸ್ಲಿಮನೊಬ್ಬನಿಗೆ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ನಿಜವಾಗಿ ಇಲ್ಲಿಂದಲೇ ಆರಂಭವಾಗುತ್ತದೆ. ನಮ್ಮಲ್ಲಿ ಅನೇಕರು ಎರಡು ಬೇರೆ ವಿಷಯಗಳನ್ನು ಒಂದೇ ಎಂದು ತಿಳಿದಿದ್ದಾರೆ. ಸಾಲದ ವ್ಯಾಪಾರದಲ್ಲಿ ಬೆಲೆ ಹೆಚ್ಚಿರುವುದೇ ಬಡ್ಡಿ ಎಂದು ಕೆಲವರು ಭಾವಿಸುತ್ತಾರೆ. ಹೆಚ್ಚು ಹಣ ಕೊಡಲಿಲ್ಲವಾದರೆ ಬಡ್ಡಿಯೇ ಆಗಲಿಲ್ಲ ಎಂದು ಇನ್ನು ಕೆಲವರು ಭಾವಿಸುತ್ತಾರೆ. ಎರಡೂ ಪೂರ್ಣ ಸರಿಯಲ್ಲ.

ನಗದಿಗೆ ಒಂದು ಬೆಲೆ, ಕಂತಿಗೆ ಅದಕ್ಕಿಂತ ಹೆಚ್ಚಿನ ಬೆಲೆ ಇಟ್ಟು ಮಾರುವುದನ್ನು ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ಅನುಮತಿಸಿದ್ದಾರೆ. 1990ರ ಮಾರ್ಚ್‌ನಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ಆರನೇ ಅಧಿವೇಶನ ತನ್ನ 51ನೇ ನಿರ್ಣಯದಲ್ಲಿ ಇದನ್ನೇ ಎತ್ತಿಹಿಡಿಯಿತು. ಆದರೆ ಶರತ್ತುಗಳಿವೆ. ವ್ಯಾಪಾರಿ ಎರಡೂ ಬೆಲೆಗಳನ್ನು ಹೇಳಬಹುದು. ಇಬ್ಬರೂ ಎದ್ದು ಹೋಗುವ ಮೊದಲು ಯಾವುದಾದರೂ ಒಂದು ಬೆಲೆ ನಿಶ್ಚಯವಾಗಿರಬೇಕು. ಬೆಲೆಯಿಂದ ಬೇರ್ಪಟ್ಟ, ಕಾಲದೊಂದಿಗೆ ಕಟ್ಟಿದ ಬಡ್ಡಿಯನ್ನು ಕರಾರಿನಲ್ಲಿ ಬರೆಯಬಾರದು. ಕಂತು ತಡವಾದರೆ ಸಾಲಗಾರನಿಂದ ಹೆಚ್ಚುವರಿ ಹಣ ವಸೂಲು ಮಾಡಬಾರದು. ಒಂದೇ ವ್ಯಾಪಾರದಲ್ಲಿ ಎರಡು ವ್ಯಾಪಾರ ಬೇಡವೆಂದು ಪ್ರವಾದಿ ಮುಹಮ್ಮದ್(ಸ)ರು ನಿಷೇಧಿಸಿದ್ದನ್ನು ಅನೇಕ ವಿದ್ವಾಂಸರು ವಿವರಿಸಿದ್ದು ಹೀಗೆಯೇ: ಯಾವ ಬೆಲೆಗೆ ಮಾರಾಟವಾಯಿತೆಂದು ತೀರ್ಮಾನಿಸದೆ ಅಗಲುವುದು ನಿಷಿದ್ಧ.

ಹಾಗಾದರೆ ನಮ್ಮ ಊರಿನ ಫೋನ್ ವ್ಯಾಪಾರಿಯೊಬ್ಬ, ನಗದಿಗಾದರೆ 22,500, ಆರು ಕಂತಿಗಾದರೆ 24,000 ಎಂದು ಹೇಳಿ, ಗ್ರಾಹಕ ಕಂತನ್ನೇ ಆರಿಸಿ, ಕಂತುಗಳನ್ನು ಆ ವ್ಯಾಪಾರಿಗೇ ಕಟ್ಟುತ್ತಾ ಬಂದರೆ, ತಡವಾದಾಗ ದಂಡವೂ ಇಲ್ಲದಿದ್ದರೆ, 1,500 ರೂಪಾಯಿ ಹೆಚ್ಚಾದರೂ ಅದು ವ್ಯಾಪಾರದ ಲಾಭ. ಅದೇ 1,500 ರೂಪಾಯಿ ಬ್ಯಾಂಕಿನ ಕಂತಿನಲ್ಲಿ ಬಂದಾಗ ಬೇರೆಯಾಗುವುದೇಕೆ? ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 275ನೇ ಸೂಕ್ತ ಪ್ರಸ್ತಾಪಿಸುವ ಆಕ್ಷೇಪವೂ ಇದೇ ತೆರನಾದುದು. ವ್ಯಾಪಾರವೂ ಬಡ್ಡಿಯ ಹಾಗೆಯೇ ಅಲ್ಲವೇ ಎಂದು ಅಂದಿನವರೂ ವಾದಿಸಿದ್ದರು. ಒಂದನ್ನು ಅನುಮತಿಸಿ ಇನ್ನೊಂದನ್ನು ನಿಷೇಧಿಸಲಾಗಿದೆ ಎಂಬುದೇ ಅದಕ್ಕೆ ದೊರೆತ ಉತ್ತರ.

ವ್ಯತ್ಯಾಸ ಮೊತ್ತದಲ್ಲಿಲ್ಲ, ಸಂಬಂಧದಲ್ಲಿದೆ. ವ್ಯಾಪಾರಿ ತನ್ನ ಸರಕನ್ನು ಮಾರುತ್ತಾನೆ. ಸರಕು ತಂದದ್ದು ಅವನು, ಅದು ಕೆಟ್ಟರೆ, ಕಳುವಾದರೆ, ಮಾರಾಟವಾಗದೆ ಉಳಿದರೆ ನಷ್ಟ ಅವನದು. ಬ್ಯಾಂಕು ಫೋನನ್ನು ಖರೀದಿಸಲೂ ಇಲ್ಲ, ಮಾರಲೂ ಇಲ್ಲ. ಅದು ಅಂಗಡಿಗೆ 22,984 ರೂಪಾಯಿ ಕೊಟ್ಟು, ಗ್ರಾಹಕನಿಂದ 24,000 ಪಡೆಯುತ್ತದೆ. ಹಣ ಕೊಟ್ಟು ಹೆಚ್ಚು ಹಣ ಪಡೆಯುವ ಆ ಕರಾರಿಗೆ ಅದು ಇಟ್ಟಿರುವ ಹೆಸರೂ ಬಡ್ಡಿಯೇ. ನಮ್ಮ ಸಹೋದರರು ಕಾರ್ಡನ್ನು ಯಂತ್ರಕ್ಕೆ ಹಾಕಿ ಗುಪ್ತಸಂಖ್ಯೆ ಒತ್ತಿದಾಗ ಒಪ್ಪಿಕೊಂಡದ್ದು, 22,984 ರೂಪಾಯಿ ಸಾಲವನ್ನು ವರ್ಷಕ್ಕೆ ಶೇಕಡಾ 15ರ ಬಡ್ಡಿಯೊಂದಿಗೆ ಮರಳಿಸುತ್ತೇನೆ ಎಂಬ ಮಾತನ್ನು. ಅಂಗಡಿಯ ರಿಯಾಯಿತಿ ಆ ಮಾತನ್ನು ಅಳಿಸುವುದಿಲ್ಲ. ಅದರ ಭಾರವನ್ನು ಹಗುರಗೊಳಿಸುತ್ತದೆ, ಅಷ್ಟೆ. ಬಡ್ಡಿ ಪಡೆಯುವವನನ್ನು ಮಾತ್ರವಲ್ಲದೆ ಕೊಡುವವನನ್ನೂ, ಅದನ್ನು ಬರೆಯುವವನನ್ನೂ, ಸಾಕ್ಷಿಗಳನ್ನೂ ಪ್ರವಾದಿ(ಸ)ರು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದನ್ನು ಸಹೀಹ್ ಮುಸ್ಲಿಮ್ ವರದಿ ಮಾಡಿದೆ. ಬರೆಯುವವನ ಜೇಬಿನಿಂದ ಒಂದು ಪೈಸೆಯೂ ಹೋಗುವುದಿಲ್ಲ. ಆದರೂ ಅವನ ಹೆಸರು ಅಲ್ಲಿದೆ. ಜೇಬಿನ ಲೆಕ್ಕ ಸರಿಯಾಯಿತೆಂದರೆ ಕರಾರಿನ ಲೆಕ್ಕವೂ ಸರಿಯಾಯಿತೆಂದು ಅರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕೆಂದು ನಮಗೆ ಅನಿಸುವುದಿಲ್ಲ.

ಇನ್ನೊಂದು ರೂಪವೂ ಚಾಲ್ತಿಯಲ್ಲಿದೆ. ಅದನ್ನು ಬಿಟ್ಟರೆ ಚರ್ಚೆ ಅಪೂರ್ಣವಾಗುತ್ತದೆ. ಕಾರ್ಡಿಲ್ಲದವರಿಗೆ ಅಂಗಡಿಯಲ್ಲೇ ಮೇಜು ಹಾಕಿ ಕುಳಿತ ಫೈನಾನ್ಸ್ ಕಂಪೆನಿಯ ಹುಡುಗ ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಪಡೆದು ಹತ್ತು ನಿಮಿಷದಲ್ಲಿ ಸಾಲ ಮಂಜೂರು ಮಾಡಿಸುತ್ತಾನೆ. ಇಲ್ಲಿ ಕೆಲವು ವೇಳೆ ಗ್ರಾಹಕನ ಕಾಗದದಲ್ಲಿ ಬಡ್ಡಿ ಸೊನ್ನೆ ಎಂದೇ ಇರುತ್ತದೆ. ಸಾಲ 24,000, ಕಂತುಗಳ ಮೊತ್ತವೂ 24,000. ಕಂಪೆನಿ ತನ್ನ ಲಾಭವನ್ನು ಅಂಗಡಿಗೆ ಅಥವಾ ತಯಾರಕರಿಗೆ ಕೊಡುವ ಹಣದಲ್ಲಿ ಹಿಡಿದುಕೊಂಡಿರುತ್ತದೆ. ಇಂಥ ಕರಾರಿನಲ್ಲಿ ಗ್ರಾಹಕ ಬಡ್ಡಿ ಕೊಡುವ ಮಾತನ್ನೇ ಆಡಿಲ್ಲ. ಆದ್ದರಿಂದ ನಗದು ಬೆಲೆಯೂ ಅಷ್ಟೇ ಇದ್ದು, ಬೇರೆ ಶುಲ್ಕವಿಲ್ಲದಿದ್ದರೆ, ಇದನ್ನು ಸಹಿಸಬಹುದು ಎಂಬ ಅಭಿಪ್ರಾಯವಿದೆ. ಕಂತು ತಪ್ಪಿದರೆ ದಂಡ ತೆರುತ್ತೇನೆ ಎಂಬ ಷರತ್ತಿಗೆ ಸಹಿ ಹಾಕುವುದೇ ತಪ್ಪು ಎಂಬ ಅಭಿಪ್ರಾಯವೂ ಇದೆ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಅಲ್ ಬಕರದ 280ನೇ ಸೂಕ್ತ ಬೋಧಿಸುತ್ತದೆ. ಈ ಕರಾರುಗಳು ಕಷ್ಟ ಬಂದ ದಿನವೇ ಹೆಚ್ಚು ಹಣ ಕೇಳುತ್ತವೆ. ನಾವು ಎರಡನೆಯ ಅಭಿಪ್ರಾಯದ ಕಡೆಗೇ ವಾಲುತ್ತೇವೆ. ಮೊದಲನೆಯದನ್ನು ಅನುಸರಿಸುವವರಾದರೂ ಅದರ ಎರಡು ಶರತ್ತುಗಳು, ಅಂದರೆ ನಗದು ಬೆಲೆ ಅಷ್ಟೇ ಇರುವುದು ಮತ್ತು ಶುಲ್ಕ ಇಲ್ಲದಿರುವುದು, ತಮ್ಮ ಫೋನಿನ ವಿಷಯದಲ್ಲಿ ಪೂರ್ತಿಯಾಗಿವೆಯೇ ಎಂದು ನೋಡಿಕೊಳ್ಳಬೇಕು. ಅಂಗಡಿಗಳಲ್ಲಿ ಈ ಎರಡೂ ಒಟ್ಟಿಗೆ ಸಿಗುವುದು ಸುಲಭವಲ್ಲ.

ನೋಡಿಕೊಳ್ಳುವುದಕ್ಕೆ ದಾರಿಯಿದೆ. 2024ರ ಅಕ್ಟೋಬರ್ 1ರಿಂದ ಇಂಥ ಪ್ರತಿಯೊಂದು ಹೊಸ ಚಿಲ್ಲರೆ ಸಾಲಕ್ಕೂ ಮುಖ್ಯಾಂಶಗಳ ಹೇಳಿಕೆ ಎಂಬ ಪತ್ರವನ್ನು ಗ್ರಾಹಕನಿಗೆ ಕೊಡುವುದನ್ನು ರಿಸರ್ವ್ ಬ್ಯಾಂಕು ಕಡ್ಡಾಯಗೊಳಿಸಿದೆ. ಅದರಲ್ಲಿ ಬಡ್ಡಿಯನ್ನೂ ಶುಲ್ಕಗಳನ್ನೂ ಒಟ್ಟುಗೂಡಿಸಿದ ವಾರ್ಷಿಕ ಶೇಕಡಾವಾರು ದರವನ್ನು ಬರೆಯಬೇಕು. ಬಾಯಲ್ಲಿ ಸೊನ್ನೆ ಎಂದವರ ಪತ್ರದಲ್ಲಿ ಆ ಜಾಗದಲ್ಲಿ ಸೊನ್ನೆ ಇಲ್ಲದಿದ್ದರೆ, ಮಾತು ಮತ್ತು ಬರಹದ ನಡುವಿನ ಅಂತರ ಅಲ್ಲೇ ತಿಳಿಯುತ್ತದೆ. ಕ್ರೆಡಿಟ್ ಕಾರ್ಡಿಗೆ ಈ ಪತ್ರದ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಯಂತ್ರದಿಂದ ಬರುವ ಚೀಟಿ ಮತ್ತು ತಿಂಗಳ ಬಿಲ್ಲೇ ಸಾಕ್ಷಿ. ಫೋನಿನ ಸಾಲದ ಜೊತೆಗೆ ಕೇಳದೆಯೇ ಸೇರಿಸುವ ವಿಮೆ ಅಥವಾ ಹೆಚ್ಚುವರಿ ವಾರಂಟಿ ಇದೆಯೇ ಎಂಬುದನ್ನೂ ಅದೇ ಕಾಗದಗಳಲ್ಲಿ ನೋಡಬೇಕು.

ಅಂಗಡಿಯಲ್ಲಿ ನಿಂತು ಇಷ್ಟೆಲ್ಲ ಯೋಚಿಸಲಾಗದು ಎನ್ನುವವರಿಗೆ ಎರಡೇ ಪ್ರಶ್ನೆ ಸಾಕು. ಒಂದೇ ಬಾರಿಗೆ ಕೊಟ್ಟರೆ ಬೆಲೆ ಎಷ್ಟು? ಕಂತನ್ನು ಯಾರಿಗೆ ಕಟ್ಟಬೇಕು? ಮೊದಲನೆಯದರ ಉತ್ತರ ಕಡಿಮೆಯಾಗಿದ್ದರೆ ಬಡ್ಡಿ ನಿಮ್ಮ ಬೆಲೆಯಲ್ಲಿದೆ. ಎರಡನೆಯದರ ಉತ್ತರ ಅಂಗಡಿಯಲ್ಲದೆ ಬೇರೆಯವರಾಗಿದ್ದರೆ ನೀವು ಖರೀದಿಸುತ್ತಿರುವುದು ಫೋನ್ ಒಂದನ್ನೇ ಅಲ್ಲ, ಒಂದು ಸಾಲವನ್ನೂ.

ಹಾಗಾದರೆ ಮಗಳಿಗೆ ಫೋನು ಬೇಡವೇ ಎಂದು ಕೇಳಬಹುದು. ಬೇಕು, ಓದಿಗೆ ಬೇಕೇ ಬೇಕು. ಆದರೆ ತಿಂಗಳಿಗೆ 4,000 ಕಟ್ಟಬಲ್ಲ ಮನೆ ತಿಂಗಳಿಗೆ 4,000 ಕೂಡಿಡಲೂ ಬಲ್ಲದು. ಆರನೆಯ ತಿಂಗಳಲ್ಲಿ 22,500ಕ್ಕೆ ಅದೇ ಫೋನು ಸಿಗುತ್ತದೆ. 1,500 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಅಷ್ಟು ಕಾಯಲಾಗದಿದ್ದರೆ ಬಂಧುಗಳಿಂದ ಕರ್ಝ್ ಹಸನ್, ಅಂದರೆ ಬಡ್ಡಿಯಿಲ್ಲದ ಕೈಸಾಲ ಪಡೆದು, ಅದನ್ನು ಅಲ್ ಬಕರದ 282ನೇ ಸೂಕ್ತ ಕಲಿಸಿದಂತೆ ದಿನಾಂಕ ಸಹಿತ ಬರೆದಿಟ್ಟು ತೀರಿಸುವ ದಾರಿಯಿದೆ. ನಮ್ಮ ಜಮಾಅತುಗಳಲ್ಲಿ ಮದುವೆಗೂ ಆಸ್ಪತ್ರೆಗೂ ನೆರವು ನಿಧಿಗಳಿವೆ. ವಿದ್ಯಾರ್ಥಿಯೊಬ್ಬಳ ಫೋನಿಗೆ ಆರು ತಿಂಗಳ ಸಾಲ ಕೊಡುವಷ್ಟು ಆ ನಿಧಿಗಳು ವಿಸ್ತರಿಸಬೇಕು. ನಮ್ಮ ಸಮುದಾಯದ ಫೋನ್ ವ್ಯಾಪಾರಿಗಳೂ ನಂಬಿಕಸ್ಥ ಗ್ರಾಹಕರಿಗೆ ತಮ್ಮದೇ ಕಂತಿನಲ್ಲಿ ಮಾರಬಹುದು. ಬ್ಯಾಂಕಿಗೆ ಬಿಟ್ಟುಕೊಡುವ ಹಣ ಧರ್ಮಸಮ್ಮತ ಲಾಭವಾಗಿ ಅವರಲ್ಲೇ ಉಳಿಯುತ್ತದೆ. ಹಣ ಮರಳದಿರುವ ಅಪಾಯ ಅವರ ಮೇಲಿರುವುದು ನಿಜ. ಆದರೆ ಆ ಅಪಾಯವನ್ನು ಹೊರುವುದರಿಂದಲೇ ಆ ಲಾಭ ಲಾಭವೆನಿಸುವುದು.

ನಮ್ಮ ಸಹೋದರರ ಕಥೆಗೆ ಮರಳೋಣ. ಮೊದಲ ಕಂತು ಕಟ್ಟಿಯಾಗಿತ್ತು. ಉಳಿದ ಅಸಲು 19,271 ರೂಪಾಯಿ. ಈಗಲೇ ತೀರಿಸಿಬಿಡುತ್ತೇನೆ ಎಂದು ಅವರು ಬ್ಯಾಂಕಿಗೆ ಕರೆ ಮಾಡಿದಾಗ, ಅವಧಿಗೆ ಮೊದಲೇ ಮುಗಿಸುವುದಕ್ಕೆ ಉಳಿದ ಅಸಲಿನ ಮೇಲೆ ಶೇಕಡಾ 3ರ ಶುಲ್ಕ, ಅದಕ್ಕೆ ಮತ್ತೆ ಜಿಎಸ್‌ಟಿ ಎಂದರು. ಒಟ್ಟು 682 ರೂಪಾಯಿ. ಕಂತು ಮುಂದುವರಿಸಿದರೆ ಇನ್ನು ಕಟ್ಟಬೇಕಾದ ಬಡ್ಡಿ ಮತ್ತು ತೆರಿಗೆ 860 ರೂಪಾಯಿ. ಅಂದರೆ ಈಗಲೇ ಮುಗಿಸಿದರೆ ಉಳಿಯುವುದು ಬರೇ 178 ರೂಪಾಯಿ. ಅದಕ್ಕಾಗಿ 20,000 ರೂಪಾಯಿಯಷ್ಟು ಒಟ್ಟುಮಾಡಬೇಕೇ ಎಂದು ಅವರ ಮನೆಯಲ್ಲೇ ಒಬ್ಬರು ಕೇಳಿದರಂತೆ.

ಅವರು ನಮ್ಮನ್ನೂ ಕೇಳಿದರು. ತಿಳಿಯದೆ ಆದದ್ದಕ್ಕೆ ತೌಬಾ ಮಾಡಿ, ಸಾಧ್ಯವಾದರೆ ಬೇಗ ಮುಗಿಸಿಬಿಡಿ. ಸಾಧ್ಯವಿಲ್ಲದಿದ್ದರೆ ಒಂದು ದಿನವೂ ತಡವಾಗದಂತೆ ಕಂತು ಕಟ್ಟಿ, ಮತ್ತೆ ಅದರ ಬಳಿಗೆ ಹೋಗಬೇಡಿ ಎಂದೆವು. ಹಣದ ದೃಷ್ಟಿಯಲ್ಲಿ 178 ರೂಪಾಯಿ ದೊಡ್ಡದಲ್ಲ. ಆದರೆ ಇನ್ನೂ ಐದು ತಿಂಗಳು ಪ್ರತಿ ಬಿಲ್ಲಿನಲ್ಲಿ ಆ ಒಂದು ಪದವನ್ನು ಓದುತ್ತಾ ಇರಬೇಕೇ ಎಂಬುದು ಬೇರೆ ಪ್ರಶ್ನೆ, ಅದರ ಉತ್ತರ ನೀವೇ ಹೇಳಬೇಕು ಎಂದೆವು.

ಅವರು ಭಾವಮೈದುನನಿಂದ 20,000 ರೂಪಾಯಿ ಕೈಸಾಲ ಪಡೆದು ಆ ವಾರದಲ್ಲೇ ಬ್ಯಾಂಕಿನ ಸಾಲ ಮುಗಿಸಿದರು. ಭಾವಮೈದುನನಿಗೆ ತಿಂಗಳಿಗೆ 4,000ದಂತೆ ಐದು ಕಂತು. ಒಂದು ಹಳೆಯ ನೋಟುಪುಸ್ತಕದ ಹಾಳೆಯಲ್ಲಿ ಇಬ್ಬರೂ ಸಹಿ ಹಾಕಿದ್ದಾರೆ. ಸಾಕ್ಷಿಗಳಾಗಿ ನಾವೂ ನಮ್ಮ ಮುಅದ್ದಿನರೂ ಹೆಸರು ಬರೆದಿದ್ದೇವೆ. ಕಂತು ಅಷ್ಟೇ, ತಿಂಗಳೂ ಅಷ್ಟೇ. ಆ ಹಾಳೆಯಲ್ಲಿ ಪಡೆದದ್ದು ಇಪ್ಪತ್ತು ಸಾವಿರ, ಕೊಡಬೇಕಾದದ್ದು ಇಪ್ಪತ್ತು ಸಾವಿರ. ವೆಚ್ಚವಿಲ್ಲದ ಕಂತು ಎಂಬ ಹೆಸರಿಗೆ ಯೋಗ್ಯವಾದುದು ಅದೊಂದೇ.